ಗೂಡಿನ ದರ ಏರಿದಾಗ ಪ್ರಮಾಣಿತ ವೆಚ್ಚದ ಪರಿಷ್ಕರಣೆ: ನೂಲು ಬಿಚ್ಚಾಣಿಕೆಯ ಒಂದು ನಿದರ್ಶನ

ರಾಮನಗರ, ಶಿಡ್ಲಘಟ್ಟದ ರೀಲರ್‌ಗಳಿಗೆ ಕಚ್ಚಾ ರೇಷ್ಮೆಯ ವೆಚ್ಚವೆಂದರೆ ಬಹುಪಾಲು ಗೂಡಿನ ವೆಚ್ಚವೇ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬ ಲೆಕ್ಕವನ್ನು ಅವರು ರೆಂಡಿಟಾ ಎನ್ನುತ್ತಾರೆ. ಘಟಕದ ದಕ್ಷತೆ ಕಾಣುವುದು ಇದರಲ್ಲಿ. ಗೂಡಿನ ದರ ದಿಢೀರನೆ ಏರಿದಾಗ ಹಳೆಯ ಪ್ರಮಾಣಿತ ದರವನ್ನೇ ಹಿಡಿದು ಕೂತರೆ ವೆಚ್ಚದ ಲೆಕ್ಕ ಹೇಗೆ ದಾರಿ ತಪ್ಪುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ.

ಪ್ರಮಾಣಿತ ರೆಂಡಿಟಾ 7, ದರ ಕಿಲೋಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಲ್ಲಿ 100 ಕಿಲೋ ನೂಲು ಬಂದಿದೆ. ಅದಕ್ಕೆ 740 ಕಿಲೋ ಗೂಡು ಹಿಡಿದಿದೆ, ಕೊಂಡ ದರ 590 ರೂಪಾಯಿ. ಪ್ರಮಾಣಿತ ವೆಚ್ಚಕ್ಕಿಂತ 1,56,600 ರೂಪಾಯಿ ಹೆಚ್ಚಾಯಿತು. ಹಳೆಯ ಕ್ರಮದಲ್ಲಿ ಇದರಲ್ಲಿ 1,40,600 ರೂಪಾಯಿ ದರದ ಖಾತೆಗೂ ಕೇವಲ 16,000 ರೂಪಾಯಿ ಬಳಕೆಯ ಖಾತೆಗೂ ಬೀಳುತ್ತದೆ. ಖರೀದಿ ಮಾಡಿದವನೇ ದೊಡ್ಡ ತಪ್ಪಿತಸ್ಥನಂತೆ ಕಾಣುತ್ತಾನೆ.

ಆ ತಿಂಗಳು ಅದೇ ತಳಿಯ ಗೂಡಿಗೆ ಮಾರುಕಟ್ಟೆಯ ಸರಾಸರಿ ದರ 600 ರೂಪಾಯಿ ಇದ್ದರೆ, ಪರಿಷ್ಕೃತ ಪ್ರಮಾಣವೂ ಅದೇ ಆಗಬೇಕು. ಆಗ 700 ಕಿಲೋ ಮೇಲಿನ 200 ರೂಪಾಯಿ ಏರಿಕೆ, ಅಂದರೆ 1,40,000 ರೂಪಾಯಿ, ಯಾರ ಕೈಯಲ್ಲೂ ಇಲ್ಲದ ಮಾರುಕಟ್ಟೆಯ ಪರಿಣಾಮವಾಗಿ ಪ್ರತ್ಯೇಕ ನಿಲ್ಲುತ್ತದೆ. ಖರೀದಿಯಲ್ಲಿ 7,400 ರೂಪಾಯಿ ಉಳಿದಿದೆ. ಹೆಚ್ಚುವರಿ 40 ಕಿಲೋ ಗೂಡನ್ನು ಈಗಿನ ಬೆಲೆಗೆ ಕಟ್ಟಿದರೆ ಬಳಕೆಯ ನಷ್ಟ 24,000 ರೂಪಾಯಿ. ಮೊತ್ತ ಮಾತ್ರ ಅದೇ 1,56,600.

ಇಲ್ಲಿಗೇ ನಿಲ್ಲಿಸಿದರೆ ತಪ್ಪು ಬಿಚ್ಚಾಣಿಕೆಯವರ ತಲೆಗೆ ಬರುತ್ತದೆ. ದರ ಏರಿದಾಗ ಕಡಿಮೆ ಬೆಲೆಯ ಲಾಟಿನತ್ತ ಕೈ ಹೋಗುವುದು ಸಹಜ. ಅಂಥ ಲಾಟಿನಲ್ಲಿ ಡಬಲ್ ಗೂಡು, ಕಲೆ ಬಿದ್ದ ಗೂಡು, ತೆಳು ಪದರದ ಗೂಡು ಹೆಚ್ಚು. ಹೀಗೆ ದರದ ಒತ್ತಡವೇ ರೆಂಡಿಟಾದೊಳಗೆ ಸೇರಿಕೊಳ್ಳುತ್ತದೆ. ಇದನ್ನು ಬೇರ್ಪಡಿಸಲು ಪ್ರತಿ ಲಾಟಿನಿಂದ ಮಾದರಿ ತೆಗೆದು, ಅನುಭವಿ ಕೈಯಿಂದ ಪರೀಕ್ಷಾ ಬಿಚ್ಚಾಣಿಕೆ ಮಾಡಿಸಬೇಕು. ಅದರಲ್ಲಿ ರೆಂಡಿಟಾ 7.3 ಬಂದರೆ, 40 ಕಿಲೋದಲ್ಲಿ 30 ಕಿಲೋ ಲಾಟಿನ ಗುಣಮಟ್ಟದ್ದು, 10 ಕಿಲೋ ಮಾತ್ರ ಬೇಸಿನ್ ಬಳಿಯದು. ಖರೀದಿಯಲ್ಲಿ 7,400 ರೂಪಾಯಿ ಉಳಿಸಿ ಗೂಡಿನಲ್ಲಿ 18,000 ರೂಪಾಯಿ ಕಳೆದುಕೊಂಡಂತಾಯಿತು. ನನ್ನ ಅಭಿಪ್ರಾಯದಲ್ಲಿ ಈ ಎರಡನ್ನೂ ಖರೀದಿಯ ಹೆಸರಿನಲ್ಲೇ ಒಟ್ಟಿಗೆ ತೋರಿಸುವುದು ನ್ಯಾಯ. ಮಾದರಿ ಚಿಕ್ಕದಿದ್ದರೆ 7.3 ಎಂಬ ಅಂಕಿಯೇ ಅಲುಗಾಡುತ್ತದೆ, ಹಾಗಾಗಿ ಒಂದೇ ಲಾಟಿನ ಫಲಿತಾಂಶದ ಮೇಲೆ ಯಾರನ್ನೂ ದೂರಬಾರದು.

ಪರಿಷ್ಕೃತ ದರವನ್ನು ಮಾರುಕಟ್ಟೆಯ ಹರಾಜು ದರದಿಂದ ತೆಗೆದುಕೊಳ್ಳಬೇಕೇ ಹೊರತು ಸ್ವಂತ ಖರೀದಿ ಚೀಟಿಯಿಂದಲ್ಲ. ಚೀಟಿಯ ದರವನ್ನೇ ಪ್ರಮಾಣ ಮಾಡಿದರೆ ಖರೀದಿಯ ವ್ಯತ್ಯಾಸ ತಾನಾಗಿಯೇ ಸೊನ್ನೆಯಾಗುತ್ತದೆ. ದರ ತಿದ್ದುವ ದಿನವೇ ರೆಂಡಿಟಾವನ್ನೂ ತಿದ್ದಬಾರದು. ಇಂಡ್ ಎಎಸ್ 2 ಪ್ರಮಾಣಿತ ವೆಚ್ಚವನ್ನು ಒಪ್ಪುವುದು, ಅದು ನಿಜವಾದ ವೆಚ್ಚಕ್ಕೆ ಹತ್ತಿರವಿದ್ದರೆ ಮಾತ್ರ. ಆದ್ದರಿಂದ ಪರಿಷ್ಕರಣೆಯ ದಿನ ಗೋದಾಮಿನಲ್ಲಿರುವ ಗೂಡಿನ ಮೌಲ್ಯದಲ್ಲಿ ಬರುವ ಏರಿಕೆಯನ್ನು ಬೇರೆ ಸಾಲಿನಲ್ಲಿ ಬರೆದಿಟ್ಟು, ಹಳೆಯ ದರಕ್ಕೆ ಕೊಂಡ ದಾಸ್ತಾನು ಮುಗಿಯುವವರೆಗೆ ಲಾಭಕ್ಕೆ ಸೇರಿಸದೆ ಇಡಬೇಕು.