ಕ್ಯಾಲೊರಿ ಲೆಕ್ಕ: ಉಷ್ಣಮಾಪಕದಿಂದ ಮೊಬೈಲ್ ಪರದೆಯವರೆಗೆ

ಒಂದು ಹಿಡಿ ಬಾದಾಮಿ ತಿಂದಿರಿ ಎಂದುಕೊಳ್ಳಿ. ತೂಕ 28 ಗ್ರಾಂ. ಮೊಬೈಲಿನಲ್ಲಿರುವ ಕ್ಯಾಲೊರಿ ಲೆಕ್ಕದ ಆ್ಯಪ್‌ನಲ್ಲಿ ಅದನ್ನು ದಾಖಲಿಸಿದರೆ ಸಾಮಾನ್ಯವಾಗಿ 165ರಿಂದ 170ರ ಆಸುಪಾಸಿನ ಒಂದು ಸಂಖ್ಯೆ ಮೂಡುತ್ತದೆ. ದಶಮಾಂಶವಿಲ್ಲದ, ಸಂದೇಹವಿಲ್ಲದ ಸಂಖ್ಯೆ! ನಿಮ್ಮ ದೇಹವನ್ನು ಯಾರೂ ಅಳೆದಿಲ್ಲ, ನೀವು ತಿಂದ ಬಾದಾಮಿಯನ್ನೂ ಯಾರೂ ಸುಟ್ಟು ನೋಡಿಲ್ಲ. ಹಾಗಾದರೆ ಈ ಸಂಖ್ಯೆ ಬಂದದ್ದು ಎಲ್ಲಿಂದ? ಅದನ್ನು ತಿಳಿಯಲು ನಾವು ನೂರಿಪ್ಪತ್ತು ವರ್ಷಗಳಿಗೂ ಹಿಂದಕ್ಕೆ ಹೋಗಬೇಕು.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್ ಎಂಬ ಊರಿನಲ್ಲಿ ವೆಸ್ಲಿಯನ್ ವಿಶ್ವವಿದ್ಯಾಲಯವಿದೆ. ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ವಿಲ್ಬರ್ ಅಟ್‌ವಾಟರ್. 1890ರ ದಶಕದಲ್ಲಿ ಅವರು ಭೌತವಿಜ್ಞಾನಿ ಎಡ್ವರ್ಡ್ ರೋಸಾ ಅವರೊಡನೆ ಒಂದು ವಿಚಿತ್ರ ಕೋಣೆಯನ್ನು ಕಟ್ಟಿದರು. ಒಬ್ಬ ಮನುಷ್ಯ ಒಳಗೆ ಹಲವು ದಿನ ಉಂಡು, ಮಲಗಿ, ಓದಿ, ವ್ಯಾಯಾಮ ಮಾಡಿ ಕಳೆಯಬಹುದಾದಷ್ಟೇ ಜಾಗ. ಅವನ ಮೈಯಿಂದ ಹೊಮ್ಮುವ ಶಾಖವನ್ನು ಕೊಳವೆಗಳಲ್ಲಿ ಹರಿಯುವ ನೀರು ಹೀರಿಕೊಳ್ಳುತ್ತಿತ್ತು; ಆ ನೀರಿನ ತಾಪ ಎಷ್ಟು ಏರಿತೆಂಬುದರಿಂದ ಶಾಖದ ಪ್ರಮಾಣ ತಿಳಿಯುತ್ತಿತ್ತು. ಉಸಿರಿನ ಇಂಗಾಲದ ಡೈಆಕ್ಸೈಡ್, ಮಲ, ಮೂತ್ರ ಎಲ್ಲಕ್ಕೂ ಲೆಕ್ಕವಿತ್ತು. ಒಳಹೋದ ಶಕ್ತಿಗೂ ಹೊರಬಂದ ಶಕ್ತಿಗೂ ತಾಳೆ ನೋಡಿದಾಗ ವ್ಯತ್ಯಾಸ ಅತ್ಯಲ್ಪವಾಗಿತ್ತು. ಶಕ್ತಿಯ ನಿತ್ಯತೆಯ ನಿಯಮ ಮನುಷ್ಯನಿಗೂ ಅನ್ವಯಿಸುತ್ತದೆ ಎಂಬುದು ಹೀಗೆ ನಿಖರವಾಗಿ ಸಿದ್ಧವಾಯಿತು.

ಈ ನಿಯಮದ ಬಗ್ಗೆ ಯಾರಿಗೂ ತಕರಾರಿಲ್ಲ. ತೊಡಕಿರುವುದು ಲೆಕ್ಕದ ಪುಸ್ತಕದಲ್ಲಿ ಬರೆಯುವ ಅಂಕಿಗಳಲ್ಲಿ.

ಆಹಾರವನ್ನು ಆಮ್ಲಜನಕ ತುಂಬಿದ ಉಕ್ಕಿನ ಪಾತ್ರೆಯಲ್ಲಿ, ಅಂದರೆ ಬಾಂಬ್ ಕ್ಯಾಲೊರಿಮೀಟರಿನಲ್ಲಿ, ಪೂರ್ತಿ ಸುಟ್ಟರೆ ಅದರ ಒಟ್ಟು ಶಾಖ ಸಿಗುತ್ತದೆ. ಆಹಾರದ ಮಾತಿನಲ್ಲಿ ಕ್ಯಾಲೊರಿ ಎಂದರೆ ಕಿಲೊಕ್ಯಾಲೊರಿ, ಅಂದರೆ ಒಂದು ಕಿಲೊಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಾಖ ಎಂಬುದು ನಿಮಗೆ ಗೊತ್ತೇ ಇದೆ. ಆದರೆ ದೇಹ ಉಕ್ಕಿನ ಪಾತ್ರೆಯಲ್ಲ. ತಿಂದುದರಲ್ಲಿ ಒಂದಿಷ್ಟು ಜೀರ್ಣವಾಗದೆ ಹೊರಹೋಗುತ್ತದೆ. ಪ್ರೋಟೀನಿನ ನೈಟ್ರೋಜನ್ ಯೂರಿಯಾ ಆಗಿ, ಇನ್ನೂ ಸ್ವಲ್ಪ ಶಕ್ತಿಯನ್ನು ಹೊತ್ತು ಮೂತ್ರದಲ್ಲಿ ಹೋಗುತ್ತದೆ. ಈ ನಷ್ಟಗಳನ್ನು ಅಟ್‌ವಾಟರ್ ಹೇಗೆ ಕಳೆದರೆಂಬುದನ್ನು ಒಮ್ಮೆ ಮಾಡಿಯೇ ನೋಡೋಣ. ಒಂದು ಗ್ರಾಂ ಪ್ರೋಟೀನ್ ಸುಟ್ಟಾಗ ಸುಮಾರು 5.65 ಕ್ಯಾಲೊರಿ. ಮೂತ್ರದ ಪಾಲು 1.25 ಕಳೆದರೆ 4.4. ಅದರಲ್ಲಿ ಜೀರ್ಣವಾಗುವುದು ಶೇ. 92. ಗುಣಿಸಿದರೆ 4.05, ಅಂದರೆ 4. ಕೊಬ್ಬು 9.4, ಶೇ. 95 ಜೀರ್ಣವಾದರೆ 8.9, ಅಂದರೆ 9. ಪಿಷ್ಟ 4.15, ಶೇ. 97 ಜೀರ್ಣವಾದರೆ 4.03, ಅಂದರೆ ಮತ್ತೆ 4. ಪಠ್ಯಪುಸ್ತಕಗಳಲ್ಲಿ ನಾವು ಕಲಿಸುವ 4, 9, 4 ಹುಟ್ಟಿದ್ದು ಹೀಗೆ.

ಆ ಶೇ. 92, 95, 97 ಎಂಬವನ್ನು ಗಮನಿಸಿ. ಅವು ಅಂದಿನ ಅಮೆರಿಕನ್ನರ ಮಿಶ್ರ ಆಹಾರದ ಸರಾಸರಿಗಳು. ಒಂದು ಸಮುದಾಯ ಎಷ್ಟು ಆಹಾರ ಕೊಳ್ಳಬೇಕು, ಕೂಲಿಕಾರನ ಸಂಬಳದಲ್ಲಿ ಯಾವ ಆಹಾರ ಅಗ್ಗ ಎಂಬಂಥ ಪ್ರಶ್ನೆಗಳಿಗೆ ಅವು ಸಾಕು. ಒಂದೇ ತಿನಿಸಿಗೆ, ಒಬ್ಬನೇ ವ್ಯಕ್ತಿಗೆ ಅವನ್ನು ಅನ್ವಯಿಸಿದರೆ ಏನಾಗುತ್ತದೆ? ಇಲ್ಲಿ ನಮ್ಮ ಬಾದಾಮಿಗೆ ಮರಳಬೇಕು. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 18 ಮಂದಿ ಸ್ವಯಂಸೇವಕರಿಗೆ ಅಳತೆಯ ಊಟದೊಡನೆ ಬಾದಾಮಿ ಕೊಟ್ಟು, ಅವರ ಮಲಮೂತ್ರಗಳಲ್ಲಿ ಉಳಿದ ಶಕ್ತಿಯನ್ನು ಅಳೆದ ಅಧ್ಯಯನವನ್ನು ಪ್ರಕಟಿಸಿದರು. 28 ಗ್ರಾಂ ಬಾದಾಮಿಯಿಂದ ದೇಹಕ್ಕೆ ದಕ್ಕಿದ್ದು ಸುಮಾರು 129 ಕ್ಯಾಲೊರಿ. 4, 9, 4ರ ಲೆಕ್ಕ ಹೇಳುವುದು 168ರಿಂದ 170. ಅಂದರೆ ದಕ್ಕಿದ್ದಕ್ಕಿಂತ ಸುಮಾರು ಮೂರನೆಯ ಒಂದು ಭಾಗ ಹೆಚ್ಚು! ಕಾರಣ ಸರಳ. ಬಾದಾಮಿಯ ಕೊಬ್ಬು ಗಟ್ಟಿಯಾದ ಕೋಶಭಿತ್ತಿಗಳ ಒಳಗೆ ಬಂದಿಯಾಗಿರುತ್ತದೆ. ಹಲ್ಲು ಒಡೆಯದೆ ಬಿಟ್ಟ ಕೋಶಗಳು ಕೊಬ್ಬಿನ ಸಮೇತ ಹೊರಹೋಗುತ್ತವೆ. ನುಣ್ಣಗೆ ಅರೆದು ತಿಂದರೆ ಇದೇ ಉತ್ತರ ಬರಬೇಕೆಂದಿಲ್ಲ.

ಇಷ್ಟಾದರೂ ಇದು ವಿಜ್ಞಾನಿಗಳ ಮೇಜಿನ ಮೇಲಿನ ದೋಷ. ಕ್ಯಾಲೊರಿ ಮನೆಮನೆಗೆ ಬಂದದ್ದು 1918ರಲ್ಲಿ, ಲಾಸ್ ಏಂಜಲೀಸ್‌ನ ವೈದ್ಯೆ ಲುಲು ಹಂಟ್ ಪೀಟರ್ಸ್ ಬರೆದ ಪುಸ್ತಕದೊಂದಿಗೆ. ಇನ್ನು ಮೇಲೆ ಒಂದು ತುಂಡು ಬ್ರೆಡ್ ಎನ್ನಬೇಡಿ, ನೂರು ಕ್ಯಾಲೊರಿ ಬ್ರೆಡ್ ಎನ್ನಿ ಎಂಬ ಅರ್ಥದಲ್ಲಿ ಆಕೆ ಓದುಗರಿಗೆ ಹೇಳಿದರು. ತೂಕ ಇಳಿಸುವವರು ದಿನಕ್ಕೆ 1200 ಕ್ಯಾಲೊರಿಯಲ್ಲಿ ನಿಲ್ಲಬೇಕೆಂಬುದೂ ಆಕೆಯ ಸಲಹೆಯೇ. ಸಮುದಾಯದ ಅಂಕಿ ವ್ಯಕ್ತಿಯ ದಿನಚರಿಯಾದದ್ದು, ಊಟ ಲೆಕ್ಕವಾದದ್ದು ಅಲ್ಲಿಂದ ಎನ್ನಬಹುದು. ಆದರೆ ಪುಸ್ತಕ, ಪೆನ್ಸಿಲ್ ಹಿಡಿದು ಕೂಡಿಸುವುದು ಬೇಸರದ ಕೆಲಸ. ಬಹಳ ಮಂದಿ ನಾಲ್ಕು ದಿನಕ್ಕೆ ಕೈಬಿಡುತ್ತಿದ್ದರು, ಅದೇ ಒಂದು ರಕ್ಷಣೆಯಾಗಿತ್ತೇನೋ.

ಆ ಬೇಸರವನ್ನು ತೊಡೆದುಹಾಕಿದ್ದು ಆ್ಯಪ್‌ಗಳು. ಇವುಗಳಲ್ಲಿ ಪ್ರಸಿದ್ಧವಾದ ಮೈಫಿಟ್‌ನೆಸ್‌ಪಾಲ್ 2005ರಲ್ಲಿ ಪ್ರಾರಂಭವಾಯಿತು. ಅದರ ಆಹಾರ ಪಟ್ಟಿಗೆ ಬಳಕೆದಾರರೇ ಅಂಕಿಗಳನ್ನು ಸೇರಿಸಬಹುದು. ಪಟ್ಟಿ ಬೆಳೆಯಿತು, ಜೊತೆಗೆ ತಪ್ಪುಗಳೂ ಬೆಳೆದವು. ನಮ್ಮ ರಾಗಿಮುದ್ದೆಯನ್ನೇ ತೆಗೆದುಕೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ 528 ಭಾರತೀಯ ಆಹಾರಗಳ ಕೋಷ್ಟಕಗಳನ್ನು ಪ್ರಕಟಿಸಿತು. ಅದರ ಪ್ರಕಾರ 100 ಗ್ರಾಂ ಒಣ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ. 80 ಗ್ರಾಂ ಹಿಟ್ಟು ನೀರು ಕುಡಿದು 240 ಗ್ರಾಂ ತೂಗುವ ಮುದ್ದೆಯಾಯಿತು ಎಂದಿಟ್ಟುಕೊಳ್ಳಿ. ಅದರಲ್ಲಿರುವುದು 256 ಕ್ಯಾಲೊರಿ. ಬೆಂದ ಮುದ್ದೆಯನ್ನು ತೂಗಿ, ಆ್ಯಪ್‌ನಲ್ಲಿ 'ರಾಗಿ, 240 ಗ್ರಾಂ' ಎಂದು ಒತ್ತಿದರೆ 768! ನೀರಿಗೂ ಕ್ಯಾಲೊರಿ ಕೊಟ್ಟಂತಾಯಿತು. ಇನ್ನು ಸಾರಿನ ಒಗ್ಗರಣೆಗೆ ಬಿದ್ದ ಎಣ್ಣೆ ಎಷ್ಟು ಚಮಚ, ಅದರಲ್ಲಿ ನಿಮ್ಮ ತಟ್ಟೆಗೆ ಬಂದ ಪಾಲೆಷ್ಟು ಎಂಬುದನ್ನು ಅಡಿಗೆ ಮಾಡಿದವರೂ ಹೇಳಲಾರರು.

ಪೊಟ್ಟಣದ ಮೇಲಿನ ಅಂಕಿಯನ್ನು ನಂಬಬಹುದಲ್ಲ ಎನ್ನುವಿರಾ? ಅಮೆರಿಕದ ನಿಯಮದಲ್ಲಿ ಪರೀಕ್ಷಿಸಿದಾಗ ಕ್ಯಾಲೊರಿ ಮುದ್ರಿತ ಅಂಕಿಗಿಂತ ಶೇ. 20ರವರೆಗೆ ಹೆಚ್ಚಿದ್ದರೂ ತಪ್ಪೆನಿಸುವುದಿಲ್ಲ. ದಿನದ 2000 ಕ್ಯಾಲೊರಿಯಲ್ಲಿ ಶೇ. 20 ಎಂದರೆ 400. ತೂಕ ಇಳಿಸಲು ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿನ್ನಿ ಎಂಬುದು ರೂಢಿಯ ಸಲಹೆ. ಅಳೆಯಬೇಕಾದ ವ್ಯತ್ಯಾಸದಷ್ಟೇ ಅಳತೆಗೋಲಿನ ದೋಷವೂ ಇರುವಾಗ '37 ಕ್ಯಾಲೊರಿ ಮೀರಿದೆ' ಎಂಬ ಕೆಂಪು ಅಕ್ಷರಕ್ಕೆ ಏನರ್ಥ? ಪ್ರಯೋಗಶಾಲೆಯಲ್ಲಿ ಅರ್ಥಾಂಕಗಳ ಪಾಠ ಮಾಡುವ ಅಧ್ಯಾಪಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖರ್ಚಿನ ಕಡೆಯ ಅಂಕಿ ಇನ್ನೂ ಕೆಟ್ಟದು. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಕೈಪಟ್ಟಿಗಳನ್ನು ಪರೀಕ್ಷಿಸಿದಾಗ, ವ್ಯಯವಾದ ಶಕ್ತಿಯನ್ನು ಅಂದಾಜಿಸುವುದರಲ್ಲಿ ಅತ್ಯುತ್ತಮವಾದುದೇ ಸರಾಸರಿ ಶೇ. 27ರಷ್ಟು ತಪ್ಪಿತ್ತು.

ಅಂಕಿ ತಪ್ಪಾದರೆ ಆದೀತು, ಸ್ವಲ್ಪ ಎಚ್ಚರವಾದರೂ ಬರುತ್ತದಲ್ಲ ಎಂದು ಕೇಳಬಹುದು. ಹಲವರಿಗೆ ಬರುತ್ತದೆ, ನಿಜ. ಒಂದೆರಡು ವಾರ ಬರೆದಿಟ್ಟು, ಎಣ್ಣೆಯಿಂದಲೂ ಸಕ್ಕರೆಯಿಂದಲೂ ಎಷ್ಟು ಬರುತ್ತದೆಂದು ತಿಳಿದು ನಿಲ್ಲಿಸುವವರಿಗೆ ಇದು ಉಪಯುಕ್ತವೇ. ಆದರೆ ನಿಲ್ಲಿಸಲಾಗದವರ ಕಥೆ ಬೇರೆ, ಮತ್ತು ಅದಕ್ಕೂ ಒಂದು ಇತಿಹಾಸವಿದೆ.

1944ರ ಕೊನೆಯಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್, ಯುದ್ಧಕ್ಕೆ ಹೋಗಲು ಮನಸ್ಸೊಪ್ಪದ 36 ಆರೋಗ್ಯವಂತ ಯುವಕರನ್ನು ಆರಿಸಿಕೊಂಡರು. ಯುದ್ಧದಿಂದ ಹಸಿದ ಯೂರೋಪಿನ ಜನರಿಗೆ ಮತ್ತೆ ಉಣಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. 1945ರಲ್ಲಿ 24 ವಾರ ಆ ಯುವಕರಿಗೆ ಸಿಕ್ಕಿದ್ದು ದಿನಕ್ಕೆ ಸುಮಾರು 1570 ಕ್ಯಾಲೊರಿ, ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ. ತೂಕ ಕಾಲುಭಾಗ ಇಳಿಯಿತು. ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯೂ ಸುಮಾರು ಶೇ. 40 ಕುಸಿಯಿತು. ಆದ್ದರಿಂದಲೇ ಆ್ಯಪ್ ಮೊದಲ ದಿನ ಹಾಕಿಕೊಟ್ಟ ಖರ್ಚಿನ ಲೆಕ್ಕ ತಿಂಗಳುಗಳು ಕಳೆದ ಮೇಲೆ ಹೊಂದುವುದಿಲ್ಲ. ಆದರೆ ಹೆಚ್ಚು ಬೆರಗು ಹುಟ್ಟಿಸಿದ್ದು ಅವರ ಮನಸ್ಸಿನ ಸ್ಥಿತಿ. ಆಹಾರದ ಹೊರತು ಬೇರೆ ಯೋಚನೆಯೇ ಇಲ್ಲ. ಅಡಿಗೆ ಪುಸ್ತಕಗಳನ್ನು ಕಾದಂಬರಿಗಳಂತೆ ಓದಿದರು, ತಟ್ಟೆ ನೆಕ್ಕಿದರು, ಸ್ವಲ್ಪ ಊಟಕ್ಕೆ ನೀರು ಬೆರೆಸಿ ಗಂಟೆಗಟ್ಟಲೆ ಉಂಡರು. ಪ್ರಯೋಗ ಮುಗಿದ ಮೇಲೆ ಕೆಲವರು ಹೊಟ್ಟೆ ಬಿರಿಯುವಂತೆ ತಿಂದರೂ ತೃಪ್ತಿಯಾಗಲಿಲ್ಲ. ಇವರಾರೂ ತೆಳ್ಳಗಾಗಬೇಕೆಂದು ಬಯಸಿದವರಲ್ಲ. ಹಸಿವೇ ಈ ಗೀಳನ್ನು ಹುಟ್ಟಿಸಿತ್ತು.

ಈಗ ಇಂಥ ಹಸಿದ ಮನಸ್ಸಿನ ಕೈಗೆ ದಿನವಿಡೀ ಅಂಕಿ ತೋರಿಸುವ ಯಂತ್ರವನ್ನು ಕೊಟ್ಟರೆ? 2017ರಲ್ಲಿ ಅಮೆರಿಕದಲ್ಲಿ, ಊಟಕ್ಕೆ ಸಂಬಂಧಿಸಿದ ಮನೋರೋಗಗಳಿದ್ದ 105 ಮಂದಿಯನ್ನು ಪ್ರಶ್ನಿಸಿದ ಅಧ್ಯಯನವೊಂದು ಪ್ರಕಟವಾಯಿತು. ಸುಮಾರು ಶೇ. 75 ಮಂದಿ ಮೈಫಿಟ್‌ನೆಸ್‌ಪಾಲ್ ಬಳಸಿದ್ದರು. ಅವರಲ್ಲಿ ಶೇ. 73 ಮಂದಿ ತಮ್ಮ ಕಾಯಿಲೆಗೆ ಅದು ಕಾರಣವಾಗಿ ಸೇರಿತ್ತು ಎಂದರು. ಇದರಿಂದ ಆ್ಯಪ್ ಕಾಯಿಲೆ ತಂದಿತು ಎಂದು ಸಾಧಿಸಲಾಗದು. ಕಾಯಿಲೆಯ ಒಲವುಳ್ಳವರೇ ಆ್ಯಪ್ ಹುಡುಕಿಕೊಂಡು ಹೋಗಿರಬಹುದು. ಎರಡೂ ಒಂದನ್ನೊಂದು ಬಲಪಡಿಸುತ್ತಿರಬಹುದು ಎಂಬುದೇ ಹೆಚ್ಚು ಸಂಭವನೀಯ.

ಗೀಳನ್ನು ಗುರುತಿಸುವುದು ಹೇಗೆ? ಕ್ಯಾಲೊರಿಯ ಪ್ರಮಾಣದಿಂದಲ್ಲ, ಎಣಿಸದೆ ಉಣ್ಣಲು ಆಗುತ್ತದೆಯೇ ಎಂಬುದರಿಂದ. ಹಬ್ಬದ ಎಲೆಯ ಮುಂದೆ ಕುಳಿತ ಹುಡುಗಿ ಹೋಳಿಗೆ ಪಟ್ಟಿಯಲ್ಲಿಲ್ಲವೆಂದು ಮುಟ್ಟದೆ ಏಳುತ್ತಾಳೆ. ಮನೆಯ ಊಟ ಬಿಟ್ಟು, ಅಂಕಿ ಮುದ್ರಿಸಿದ ಪೊಟ್ಟಣದ ತಿನಿಸೇ ವಾಸಿ ಎನ್ನತೊಡಗುತ್ತಾಳೆ. ಮಿತಿ ಮೀರಿದ ದಿನ ರಾತ್ರಿ ಓಡಲು ಹೋಗುತ್ತಾಳೆ. ಮುಟ್ಟು ನಿಲ್ಲುವುದು, ಸದಾ ಚಳಿಯಾಗುವುದು, ತರಗತಿಯಲ್ಲಿ ತಲೆಸುತ್ತು ಬರುವುದು ಇವು ದೇಹ ಕೊಡುವ ಸೂಚನೆಗಳು. ಹುಡುಗರಲ್ಲೂ ಇದು ಉಂಟು. ಮೈ ಹುರಿಗಟ್ಟಿಸುವ ಹೆಸರಿನಲ್ಲಿ ಬರುವುದರಿಂದ ಯಾರೂ ಗಮನಿಸುವುದಿಲ್ಲ. ಇಂಥವು ಎರಡು ಮೂರು ಒಟ್ಟಿಗೆ ಕಂಡರೆ ತರಗತಿಯೆದುರು ಕೇಳದೆ, ಹೆತ್ತವರೊಡನೆ ಮಾತನಾಡಿ ವೈದ್ಯರ ಬಳಿಗೆ ಕಳಿಸಬೇಕು. ಎಳೆಯರ ಚಿಕಿತ್ಸೆಯ ಒಂದು ಪ್ರಮುಖ ವಿಧಾನದಲ್ಲಿ ಏನು, ಎಷ್ಟು ಉಣ್ಣಬೇಕೆಂಬ ನಿರ್ಧಾರವನ್ನು ಸ್ವಲ್ಪ ಕಾಲ ತಂದೆತಾಯಿಗಳೇ ವಹಿಸಿಕೊಳ್ಳುತ್ತಾರೆ.

ಪೋಷಣೆಯ ಪಾಠದಲ್ಲಿ ಒಂದು ವಾರದ ಊಟದ ಕ್ಯಾಲೊರಿ ಬರೆದುಕೊಂಡು ಬನ್ನಿ ಎಂದು ಮನೆಗೆಲಸ ಕೊಡುವುದುಂಟು. ಅದನ್ನು ಬಿಟ್ಟು ತರಗತಿಯಲ್ಲಿ ಕಡಲೆಕಾಯಿ ಬೀಜ ಸುಟ್ಟು ನೋಡಿ. ಅರ್ಧ ಗ್ರಾಂ ಬೀಜವನ್ನು ಸೂಜಿಗೆ ಚುಚ್ಚಿ ಹೊತ್ತಿಸಿ, 100 ಮಿಲಿಲೀಟರ್ ನೀರಿನ ಕೆಳಗೆ ಹಿಡಿಯಿರಿ. ಶಾಖವೆಲ್ಲ ನೀರಿಗೇ ಸೇರಿದರೆ ತಾಪ ಸುಮಾರು 30 ಡಿಗ್ರಿ ಏರಬೇಕು. ನಿಮ್ಮ ತಾಪಮಾಪಕ ಅದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಉಳಿದ ಶಾಖ ಎಲ್ಲಿಗೆ ಹೋಯಿತೆಂದು ಮಕ್ಕಳನ್ನೇ ಕೇಳಿ.