ಬಂಗಿನ ಕ್ರೀಮು ಮತ್ತು ಬಸುರಿ: ಟ್ಯೂಬಿನ ಹಿಂಬದಿ ಓದೋಣ

ಬಸುರಿಯಲ್ಲಿ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಕಂದು ಕಲೆ ಏಳೋದು ಹೊಸದಲ್ಲ. ನಾವು ಬಂಗು ಅಂತೀವಿ, ಡಾಕ್ಟರು ಮೆಲಾಸ್ಮಾ ಅಂತಾರೆ. ಹಾರ್ಮೋನು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಕೆರಳಿಸುತ್ತದೆ, ಬಿಸಿಲು ಅದನ್ನು ಹೆಚ್ಚಿಸುತ್ತದೆ. ಬಾದಾಮಿ, ಹುನಗುಂದದ ಬೇಸಿಗೆ ಕಂಡವರಿಗೆ ಆ ಬಿಸಿಲಿನ ಬಗ್ಗೆ ಹೇಳಬೇಕಿಲ್ಲ. ಸಮಸ್ಯೆ ಕಲೆಯದ್ದಲ್ಲ, ಕಲೆಗೆ ಅಂತ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಟ್ಯೂಬಿನದ್ದು.

ನಾನು ಎಂಜಿನಿಯರಿಂಗ್ ಓದಿದವಳು, ಯಾವ ಡಬ್ಬಿ ಸಿಕ್ಕರೂ ಮೊದಲು ಹಿಂಬದಿ ನೋಡ್ತೀನಿ. ಬಂಗಿಗೆ ಹೆಚ್ಚಾಗಿ ಕೊಡುವ ಕ್ರೀಮಿನ ಹಿಂಬದಿ ಮೂರು ಹೆಸರಿರುತ್ತವೆ: ಹೈಡ್ರೋಕ್ವಿನೋನ್ ಶೇ. 2, ಟ್ರೆಟಿನಾಯಿನ್ ಶೇ. 0.025, ಮೊಮೆಟಾಸೋನ್ ಶೇ. 0.1. ಬಸುರಿಯಲ್ಲಿ ಈ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು.

ಹೈಡ್ರೋಕ್ವಿನೋನ್ ಬಣ್ಣ ತಯಾರಾಗೋದನ್ನು ತಡೆಯುತ್ತದೆ. ತೊಂದರೆ ಏನೆಂದರೆ, ಹಚ್ಚಿದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಕ್ತಕ್ಕೆ ಸೇರುತ್ತದೆ. ಮಗುವಿಗೆ ಹಾನಿ ಆಗೇ ಆಗುತ್ತದೆ ಅಂತ ಸಾಬೀತಾಗಿಲ್ಲ. ಆದರೆ ಇಷ್ಟು ಒಳಹೋಗುವ ವಸ್ತುವನ್ನು ಬರೀ ಕಲೆಗಾಗಿ ಹಚ್ಚೋದು ಬೇಡ ಅನ್ನೋದು ವೈದ್ಯರ ಸಾಮಾನ್ಯ ನಿಲುವು.

ಟ್ರೆಟಿನಾಯಿನ್ ವಿಟಮಿನ್ ಎ ಕುಟುಂಬದ್ದು. ಮೊಡವೆಯ ಅಡಾಪಲೀನ್, ಸೀರಮ್‌ನ ರೆಟಿನಾಲ್ ಅದರ ನೆಂಟರು. ಇದೇ ಕುಟುಂಬದ ಐಸೊಟ್ರೆಟಿನಾಯಿನ್ ಮಾತ್ರೆ ಹುಟ್ಟುವ ಮಗುವಿನಲ್ಲಿ ಗಂಭೀರ ದೋಷ ತರುತ್ತದೆ, ಅದು ಖಚಿತ. ಹಚ್ಚುವ ರೂಪ ತೀರಾ ಸ್ವಲ್ಪ ಒಳಹೋಗುತ್ತದೆ, ಆದರೂ ಬಸುರಿಯಲ್ಲಿ ನಿಲ್ಲಿಸಲು ಹೇಳುತ್ತಾರೆ. ಗೊತ್ತಾಗುವ ಮೊದಲೇ ಹಚ್ಚಿದ್ದರೆ ಗಾಬರಿ ಬೇಡ: ಹಾಗೆ ಹಚ್ಚಿಕೊಂಡ ಹೆಂಗಸರ ಮೇಲಿನ ಅಧ್ಯಯನಗಳಲ್ಲಿ ದೋಷ ಹೆಚ್ಚಿದ್ದು ಸ್ಪಷ್ಟವಾಗಿ ಕಂಡಿಲ್ಲ. ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಮಾತ್ರೆ ನುಂಗಿದ್ದರೆ ಮಾತ್ರ ಅದೇ ದಿನ ಹೋಗಿ.

ಮೊಮೆಟಾಸೋನ್ ಸ್ಟೆರಾಯ್ಡ್. ಮುಖ ಬೇಗ ಬೆಳ್ಳಗಾದಂತೆ ಕಾಣೋದು ಬಹುಪಾಲು ಇದರಿಂದಲೇ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆನ್ನೆಯಲ್ಲಿ ಸಣ್ಣ ಕೆಂಪು ನರ ಕಾಣುತ್ತವೆ, ಮೊಡವೆ, ಕೂದಲು ಬರುತ್ತವೆ. ಬಿಸಿಲಿಗೆ ಹೋದರೆ ಉರಿ. ಬಿಟ್ಟ ಕೂಡಲೇ ಮುಖ ಕೆಂಪಾಗಿ ಊದುತ್ತದೆ, ಅದಕ್ಕೇ ಮತ್ತೆ ಅದೇ ಟ್ಯೂಬು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ನಿಯಮ ಕಾಗದದಲ್ಲಿದೆ, ಟ್ಯೂಬು ಕೌಂಟರಿನಲ್ಲೇ ಇದೆ.

ಒಂದು ಉದಾಹರಣೆ ತಗೊಳ್ಳಿ. ಇಳಕಲ್‌ನ ಒಬ್ಬ ಟೀಚರು, ನಾಲ್ಕನೇ ತಿಂಗಳು. ಆರು ತಿಂಗಳಿಂದ ಈ ಟ್ಯೂಬು, ಜೊತೆಗೆ ಸ್ಯಾಲಿಸಿಲಿಕ್ ಆಸಿಡ್ ಫೇಸ್‌ವಾಶ್. ಫೇಸ್‌ವಾಶ್ ಶೇ. 2ರೊಳಗಿದ್ದರೆ ಇರಲಿ, ತೊಳೆದು ಹೋಗುತ್ತದೆ. ಪಾರ್ಲರಿನ ಅದೇ ಆಸಿಡ್‌ನ ಪೀಲ್ ಬೇಡ. ಟ್ಯೂಬು ನಿಲ್ಲಬೇಕು, ಆದರೆ ಆರು ತಿಂಗಳ ಸ್ಟೆರಾಯ್ಡ್ ಒಮ್ಮೆಲೇ ಬಿಟ್ಟರೆ ಮುಖ ಕೆರಳಬಹುದು. ಹಾಗಾಗಿ ಅದೇ ವಾರ ಚರ್ಮದ ಡಾಕ್ಟರನ್ನು ಕಾಣಬೇಕು. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನಂಥ ಕಡೆ ಚರ್ಮದ ವಿಭಾಗ ಇರುತ್ತದೆ. ಟ್ಯೂಬನ್ನೇ ಕೈಯಲ್ಲಿ ಹಿಡಿದು ಹೋಗಲಿ.

ಚರ್ಮ ತಣ್ಣಗಾದ ಮೇಲೆ ಬದಲಿ ಅಂದರೆ ಅಜೆಲಾಯಿಕ್ ಆಸಿಡ್, ಶೇ. 10 ಅಥವಾ 20. ಇದು ಗೋಧಿ, ಬಾರ್ಲಿಯಲ್ಲೂ ಇರುವ ವಸ್ತು, ಒಳಹೋಗೋದು ಕಡಿಮೆ, ಬಂಗಿಗೂ ಮೊಡವೆಗೂ ಆಗುತ್ತದೆ. ರಾತ್ರಿ ಬಟಾಣಿ ಕಾಳಿನಷ್ಟು, ಮೊದಲ ಎರಡು ವಾರ ದಿನ ಬಿಟ್ಟು ದಿನ. ಸ್ವಲ್ಪ ಚುರುಚುರು ಸಹಜ, ಕೆಂಪಾಗಿ ಸುಲಿದರೆ ಬಿಡಬೇಕು. ಫಲ ಕಾಣಲು ಮೂರು ತಿಂಗಳಾದರೂ ಬೇಕು. ಬೆಳಗ್ಗೆ ನಿಯಾಸಿನಮೈಡ್ ಅಥವಾ ವಿಟಮಿನ್ ಸಿ ಹಚ್ಚಬಹುದು.

ಇವೆಲ್ಲಕ್ಕಿಂತ ಮುಖ್ಯ ಸನ್‌ಸ್ಕ್ರೀನು. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕಿಂತ ಮೇಲಿನದು. ಬಣ್ಣ ಬೆರೆತದ್ದಾದರೆ ಇನ್ನೂ ಒಳ್ಳೆಯದು: ಬಂಗು ಕಣ್ಣಿಗೆ ಕಾಣುವ ಬೆಳಕಿಗೂ ಏಳುತ್ತದೆ, ಅದನ್ನು ಐರನ್ ಆಕ್ಸೈಡ್ ತಡೆಯುತ್ತದೆ, ಬೂದಿ ಬಳಿದಂತೆಯೂ ಕಾಣೋದಿಲ್ಲ. ಮುಖ, ಕುತ್ತಿಗೆಗೆ ಎರಡು ಬೆರಳಿನುದ್ದ, ಹೊರಗಿದ್ದರೆ ಎರಡು ಗಂಟೆಗೊಮ್ಮೆ. ಜೊತೆಗೆ ಛತ್ರಿ, ಇಲ್ಲವೇ ತಲೆ ಮೇಲೆ ಸೆರಗು. ಟ್ಯೂಬಿಗೆ ದುಡ್ಡಿಲ್ಲದಿದ್ದರೆ ಇದೊಂದನ್ನಾದರೂ ಬಿಡಬಾರದು.

ಹಲವರಿಗೆ ಹೆರಿಗೆಯಾದ ಕೆಲ ತಿಂಗಳಲ್ಲಿ ಬಂಗು ತಾನಾಗೇ ತಿಳಿಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ. ಉಳಿದರೆ ಗಟ್ಟಿ ಔಷಧ ಆಮೇಲೆ ಇದ್ದೇ ಇದೆ.

ತಪಾಸಣೆಗೆ ಹೋದಾಗ ಯಾವ ಮಾತ್ರೆ ತಗೋತೀಯ ಅಂತ ಕೇಳ್ತಾರೆ. ಮುಖಕ್ಕೆ ಹಚ್ಚೋದು ಔಷಧ ಅಂತ ನಮ್ಮವರು ಎಣಿಸೋದಿಲ್ಲ, ಹಾಗಾಗಿ ಹೇಳೋದೂ ಇಲ್ಲ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ತುಂಬುವಾಗ ಇನ್ನೊಂದು ಪ್ರಶ್ನೆ ಸೇರಿಸಿದರೆ ಸಾಕು: ಮುಖಕ್ಕೆ ಏನು ಹಚ್ಚೀಯವ್ವ, ಟ್ಯೂಬು ತೋರಿಸು.