ನೌಕರನಿಂದ ನಷ್ಟ ವಸೂಲಿ

ನೌಕರನಿಂದ ನಷ್ಟ ವಸೂಲಿ ಎಂದರೆ ಕೆಲಸಗಾರನ ವಶದಲ್ಲಿದ್ದ ಮಾಲೀಕನ ಸ್ವತ್ತು ಕಳೆದುಹೋದಾಗ ಅಥವಾ ಕೆಟ್ಟಾಗ ಅದರ ಮೌಲ್ಯವನ್ನು ಸಂಬಳದಲ್ಲಿ ಮುರಿದುಕೊಳ್ಳುವುದು. ಭಾರತದಲ್ಲಿ 1936ರ ವೇತನ ಪಾವತಿ ಕಾಯಿದೆಯು ಇದಕ್ಕೆ ಮಿತಿಗಳನ್ನು ವಿಧಿಸಿತು. 2019ರ ವೇತನ ಸಂಹಿತೆಯೂ ಅವನ್ನು ಉಳಿಸಿಕೊಂಡಿದೆ.

==ಷರತ್ತುಗಳು==
ವಸ್ತುವನ್ನು ಕಾಪಾಡುವ ಹೊಣೆಯನ್ನು ನೌಕರನಿಗೆ ಸ್ಪಷ್ಟವಾಗಿ ವಹಿಸಿರಬೇಕು. ನಷ್ಟಕ್ಕೆ ಆತನ ಅಲಕ್ಷ್ಯ ಅಥವಾ ತಪ್ಪೇ ನೇರ ಕಾರಣವಾಗಿರಬೇಕು. ಕಡಿತಕ್ಕೆ ಮೊದಲು ಆತನ ಸಮಜಾಯಿಷಿ ಕೇಳಬೇಕು. ಕಡಿತವು ನಷ್ಟದ ಮೊತ್ತವನ್ನು ಮೀರಬಾರದು. ಒಂದು ವೇತನಾವಧಿಯ ಎಲ್ಲ ಕಡಿತಗಳೂ ಸೇರಿ ಸಾಮಾನ್ಯವಾಗಿ ಸಂಬಳದ ಅರ್ಧವನ್ನು ದಾಟುವಂತಿಲ್ಲ.

==ಉದಾಹರಣೆ==
ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆ ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾದ ಊರು. ಅಲ್ಲಿ ತಿಂಗಳಿಗೆ 12,000 ರೂಪಾಯಿ ಸಂಬಳಕ್ಕೆ ದುಡಿಯುವ ನೇಕಾರನ ಸುಪರ್ದಿಗೆ ಕೊಟ್ಟ 9,000 ರೂಪಾಯಿಯ ರೇಷ್ಮೆ ನೂಲು ಆತನ ಅಲಕ್ಷ್ಯದಿಂದ ಹಾಳಾಯಿತೆನ್ನೋಣ. ಕಡಿತದ ಮಿತಿ 6,000 ರೂಪಾಯಿ. ಭವಿಷ್ಯನಿಧಿಗೆ 1,440 ರೂಪಾಯಿ ಹೋಗುವುದಾದರೆ ಆ ತಿಂಗಳು ನಷ್ಟಕ್ಕೆಂದು 4,560 ರೂಪಾಯಿ ಮಾತ್ರ ಮುರಿಯಬಹುದು. ಉಳಿದದ್ದನ್ನು ಮುಂದಿನ ತಿಂಗಳಿಗೆ ಬಿಡಬೇಕು. ಅದೇ ನೂಲು ಮಾಲೀಕನ ಸೋರುವ ಮಾಡಿನಿಂದ ನೆನೆದು ಕೆಟ್ಟಿದ್ದರೆ ನೇಕಾರನಿಂದ ಏನನ್ನೂ ಮುರಿಯುವಂತಿಲ್ಲ. ಅಕ್ರಮವಾಗಿ ಮುರಿದ ಹಣವನ್ನು ವೇತನ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ಮರಳಿ ಪಡೆಯಬಹುದು.